ಸಾಗಣೆ ಖರ್ಚು ಕಳೆದ ಮೇಲೆ ರಟ್ಟು, ಕಬ್ಬಿಣ, ಪ್ಲಾಸ್ಟಿಕ್ ಬಾಟಲಿಗೆ ಕಿಲೋಗೆ ಎಷ್ಟು ಕೊಡಬಹುದು? (ಸಣ್ಣ ಗುಜರಿ ಅಂಗಡಿ, ತಿಪಟೂರು)

ಕಲ್ಪತರು ನಾಡಿನವ

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಗುಜರಿ ಅಂಗಡಿಯಿದೆ. ಸೈಕಲ್ ಮತ್ತು ತಳ್ಳುಗಾಡಿಯಲ್ಲಿ ಊರೂರು ಸುತ್ತಿ ತರುವವರಿಂದ ಮಾಲು ಕೊಂಡು, ವಾಹನ ತುಂಬುವಷ್ಟು ಸೇರಿದ ಮೇಲೆ ಪಿಕಪ್ ಬಾಡಿಗೆಗೆ ಹಿಡಿದು ಬೆಂಗಳೂರಿಗೋ ತುಮಕೂರಿಗೋ ಕಳುಹಿಸುತ್ತೇವೆ. ಈಗ ನಮಗೆ ಹೇಳಿರುವ ದರ ಹೀಗಿದೆ: ಬೆಂಗಳೂರಿನಲ್ಲಿ ಮಾಲು ಇಳಿಸಿದ ಜಾಗದಲ್ಲಿ ಕಬ್ಬಿಣಕ್ಕೆ ಕಿಲೋಗೆ 33 ರೂಪಾಯಿ, ರಟ್ಟಿಗೆ 13, ನೀರಿನ ಬಾಟಲಿಗೆ 35. ತುಮಕೂರಿನ ಸಗಟು ವ್ಯಾಪಾರಿ ಅದೇ ಮಾಲಿಗೆ ಕ್ರಮವಾಗಿ 31, 11 ಮತ್ತು 28 ಹೇಳುತ್ತಾರೆ. ಪಿಕಪ್ ಬಾಡಿಗೆ ಟೋಲ್ ಸೇರಿ ಬೆಂಗಳೂರಿಗೆ 5,500, ತುಮಕೂರಿಗೆ 2,800. ಎರಡೂ ಕಡೆ ತುಂಬುವ, ಇಳಿಸುವ ಹಮಾಲಿ 1,000 ರೂಪಾಯಿ, ವೇಬ್ರಿಡ್ಜ್ ತೂಕದ ಚೀಟಿಗೆ 100.

ನನ್ನ ತೊಂದರೆ ಏನೆಂದರೆ, ಮಾಲು ತರುವವರು "ಪಕ್ಕದ ಅಂಗಡಿಯಲ್ಲಿ ರಟ್ಟಿಗೆ 8 ಕೊಡುತ್ತಾರೆ, ನೀವೂ ಕೊಡಿ" ಎಂದು ಕೇಳುತ್ತಿದ್ದಾರೆ. ಬೆಂಗಳೂರಿನ 13 ರೂಪಾಯಿ ನೋಡಿದರೆ 8 ಕೊಡಬಹುದು ಎನಿಸುತ್ತದೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಪ್ರತಿ ಮಾಲಿಗೂ ಸಾಗಣೆ ಖರ್ಚನ್ನು ಕಿಲೋ ಲೆಕ್ಕದಲ್ಲಿ ಹೇಗೆ ಹಾಕಬೇಕು ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನಗದು ವಹಿ

ಇದು ಅಷ್ಟು ಕಷ್ಟದ ಲೆಕ್ಕವಲ್ಲ. ತಿಂಗಳಿಗೆ ಒಟ್ಟು ಬಾಡಿಗೆ ಎಷ್ಟಾಯಿತು, ಒಟ್ಟು ಎಷ್ಟು ಕಿಲೋ ಮಾಲು ಹೋಯಿತು ಎಂದು ನೋಡಿ ಭಾಗಿಸಿದರೆ ಸಾಕು. ನಿಮಗೆ ಕಿಲೋಗೆ 4 ರೂಪಾಯಿ ಬಂದರೆ ಎಲ್ಲ ಮಾಲಿಗೂ 4 ರೂಪಾಯಿ ಕಳೆಯಿರಿ, ಅದರ ಮೇಲೆ ನಿಮ್ಮ ಲಾಭ ಇಟ್ಟುಕೊಂಡು ಕೊಳ್ಳುವ ದರ ಹೇಳಿರಿ. ಪ್ರತಿ ಮಾಲಿಗೂ ಬೇರೆ ಬೇರೆ ಲೆಕ್ಕ ಇಡಲು ಹೋದರೆ ಅಂಗಡಿಯ ಹುಡುಗರಿಗೆ ಗೊಂದಲವಾಗುತ್ತದೆ.

ಹಳೇ ತಕ್ಕಡಿ

ವಹಿಯವರೇ, ಒಟ್ಟು ಲಾಭ ನಷ್ಟ ತಿಳಿಯಲು ನಿಮ್ಮ ಲೆಕ್ಕ ಸರಿ. ಆದರೆ ಕೊಳ್ಳುವ ದರ ಗೊತ್ತುಮಾಡಲು ಅದನ್ನು ಬಳಸಿದರೆ ಅಂಗಡಿ ಮುಳುಗುತ್ತದೆ. ಕಾರಣ ಇಷ್ಟೇ: ಬಾಡಿಗೆ ಕೊಡುವುದು ಕಿಲೋಗಲ್ಲ, ವಾಹನಕ್ಕೆ. ಆ ವಾಹನ ಕಬ್ಬಿಣಕ್ಕೆ ತೂಕದಿಂದ ತುಂಬುತ್ತದೆ, ಬಾಟಲಿಗೆ ಜಾಗದಿಂದ ತುಂಬುತ್ತದೆ.

ಕಲ್ಪತರು ನಾಡಿನವರ ಅಂಕಿಗಳನ್ನೇ ಇಟ್ಟುಕೊಂಡು ನೋಡೋಣ. ಪಿಕಪ್‌ನ ತೊಟ್ಟಿ ಸುಮಾರು 9 ಅಡಿ ಉದ್ದ, ಐದೂವರೆ ಅಡಿ ಅಗಲ ಎಂದುಕೊಳ್ಳಿ. ಬಲೆ ಕಟ್ಟಿ 7 ಅಡಿ ಎತ್ತರ ಪೇರಿಸಿದರೆ ಸುಮಾರು 340 ಘನ ಅಡಿ ಜಾಗ ಸಿಗುತ್ತದೆ. ಕಾಲಿನಿಂದ ತುಳಿದು ಚೀಲಕ್ಕೆ ತುಂಬಿದ ನೀರಿನ ಬಾಟಲಿ ಒಂದು ಘನ ಅಡಿಗೆ ಸುಮಾರು ಒಂದು ಕಿಲೋ ಮಾತ್ರ ಹಿಡಿಯುತ್ತದೆ. ಆದ್ದರಿಂದ ವಾಹನ ಕಣ್ಣಿಗೆ ಬೆಟ್ಟದಂತೆ ಕಂಡರೂ ತೂಕದ ಚೀಟಿಯಲ್ಲಿ ಬರುವುದು 330 ಕಿಲೋ. ಬಿಚ್ಚಿ ಚಪ್ಪಟೆ ಮಾಡಿ ಕಟ್ಟಿದ ರಟ್ಟು 1,100 ಕಿಲೋವರೆಗೆ ಹೋಗುತ್ತದೆ. ಕಬ್ಬಿಣವಾದರೆ ತೊಟ್ಟಿಯ ಕಾಲು ಭಾಗವೂ ತುಂಬುವ ಮೊದಲೇ 1,500 ಕಿಲೋ ಮುಟ್ಟಿ ವಾಹನದ ಮಿತಿ ಮುಗಿಯುತ್ತದೆ.

ಬೆಂಗಳೂರಿಗೆ ಒಮ್ಮೆ ಹೋಗಿ ಬರಲು ನಿಮಗೆ ಬೀಳುವ ಒಟ್ಟು ಖರ್ಚು 6,600 ರೂಪಾಯಿ. ಇದನ್ನು ಕಬ್ಬಿಣದ 1,500 ಕಿಲೋಗೆ ಹಂಚಿದರೆ 4.40 ರೂಪಾಯಿ, ರಟ್ಟಿನ 1,100 ಕಿಲೋಗೆ ಹಂಚಿದರೆ 6 ರೂಪಾಯಿ, ಬಾಟಲಿಯ 330 ಕಿಲೋಗೆ ಹಂಚಿದರೆ 20 ರೂಪಾಯಿ. ಅಂದರೆ 35 ರೂಪಾಯಿಗೆ ಮಾರುವ ಬಾಟಲಿಯಲ್ಲಿ 20 ರೂಪಾಯಿ ರಸ್ತೆಯಲ್ಲೇ ಹೋಗುತ್ತದೆ. ಉಳಿಯುವುದು ಕಬ್ಬಿಣಕ್ಕೆ 28.60, ರಟ್ಟಿಗೆ 7, ಬಾಟಲಿಗೆ 15.

ತುಮಕೂರಿಗೆ ಒಟ್ಟು ಖರ್ಚು 3,900. ಅಲ್ಲಿ ಸಾಗಣೆ ಕಳೆದು ಕಬ್ಬಿಣಕ್ಕೆ 28.40, ರಟ್ಟಿಗೆ 7.45, ಬಾಟಲಿಗೆ 16.18 ಉಳಿಯುತ್ತದೆ. ಬೆಂಗಳೂರಿನ ದರ ಮೂರರಲ್ಲೂ ಹೆಚ್ಚಿದ್ದರೂ, ರಟ್ಟು ಮತ್ತು ಬಾಟಲಿಯಲ್ಲಿ ತುಮಕೂರೇ ನಿಮಗೆ ಲಾಭ. ಕಬ್ಬಿಣದಲ್ಲಿ ವ್ಯತ್ಯಾಸ ಕಿಲೋಗೆ 20 ಪೈಸೆ, ಅದಕ್ಕಾಗಿ ಒಂದು ದಿನ ಬೆಂಗಳೂರಿನಲ್ಲಿ ಕಾಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ದರ ಮುಂದಿನ ವಾರ ಬದಲಾಗಬಹುದು, ಆದರೆ ಲೆಕ್ಕದ ದಾರಿ ಇದೇ.

ಮನೆಯಂಗಳ

ನಮ್ಮ ಮನೆಯಲ್ಲಿ ಆರು ತಿಂಗಳ ದಿನಪತ್ರಿಕೆ ಸೇರಿದೆ. ಇಲ್ಲಿ ಹಾಸನದಲ್ಲಿ ರದ್ದಿಯವರು ಕಿಲೋಗೆ 10 ರೂಪಾಯಿ ಹೇಳಿದರು, ಬೆಂಗಳೂರಿನಲ್ಲಿರುವ ನನ್ನ ತಂಗಿಗೆ 15 ಸಿಕ್ಕಿದೆ. ಈ ಲೆಕ್ಕದ ಪ್ರಕಾರ ನನಗೆ ಬರಬೇಕಾದ ದರ ಎಷ್ಟು ಎಂದು ದಯವಿಟ್ಟು ಹೇಳುವಿರಾ?

ಹಳೇ ತಕ್ಕಡಿ

ಮೇಡಂ, ಮೇಲಿನ ಲೆಕ್ಕ ಅಂಗಡಿಯಿಂದ ಮುಂದಿನ ಸಗಟು ವ್ಯಾಪಾರಿಗೆ ಹೋಗುವ ಮಾಲಿನದು, ಮನೆಯಿಂದ ಅಂಗಡಿಗೆ ಬರುವುದರದ್ದಲ್ಲ. ಆದರೂ ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಅರ್ಧ ಇದೆ. ದಿನಪತ್ರಿಕೆ ಒತ್ತಾಗಿ ಕೂರುವ ಮಾಲು, ರಟ್ಟಿಗಿಂತ ಅದಕ್ಕೆ ಸಾಗಣೆ ಕಡಿಮೆ ಬೀಳುತ್ತದೆ. ಜೊತೆಗೆ ಚೊಕ್ಕಟವಾಗಿ ಮಡಿಸಿದ ಪತ್ರಿಕೆಯನ್ನು ಊರಿನ ಅಂಗಡಿಗಳೇ ಸಾಮಾನು ಕಟ್ಟಲು ಕೊಳ್ಳುವುದುಂಟು, ಆಗ ಸಾಗಣೆಯೇ ಇಲ್ಲ. ತಿಂಡಿ ತಿನಿಸನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿರುವುದರಿಂದ ಹೋಟೆಲು, ಬೇಕರಿಗಳಿಗೆ ಕೊಡುವುದು ಸರಿಯಲ್ಲ. ಬಳೆ, ಪಾತ್ರೆ, ಹಾರ್ಡ್‌ವೇರ್ ಅಂಗಡಿಗಳಿಗೆ ಆದೀತು. ನಿಮ್ಮ ಪತ್ರಿಕೆ ಒದ್ದೆಯಾಗದೆ, ಹರಿಯದೆ, ಹೊಳಪು ಕಾಗದದ ಪುರವಣಿಗಳನ್ನು ಬೇರೆ ಮಾಡಿದ್ದರೆ, 10ಕ್ಕಿಂತ ಸ್ವಲ್ಪ ಹೆಚ್ಚು ಕೇಳುವುದರಲ್ಲಿ ತಪ್ಪಿಲ್ಲ. ತಂಗಿಯವರ ಊರಿನ ದರ ನಿಮ್ಮ ಮನೆ ಬಾಗಿಲಲ್ಲಿ ಸಿಗುವುದು ಕಷ್ಟ.

ನಗದು ವಹಿ

ತಕ್ಕಡಿ ಸರ್, ಬಾಟಲಿಯೊಂದನ್ನೇ ವಾಹನದಲ್ಲಿ ತುಂಬುವವರು ಯಾರಿದ್ದಾರೆ? ಕೆಳಗೆ ಕಬ್ಬಿಣ, ಮೇಲೆ ಬಾಟಲಿ ಹಾಕಿದರೆ ತೂಕವೂ ತುಂಬುತ್ತದೆ, ಜಾಗವೂ ತುಂಬುತ್ತದೆ. ತುಮಕೂರಿಗೆ 1,000 ಕಿಲೋ ಕಬ್ಬಿಣ ಮತ್ತು 250 ಕಿಲೋ ಬಾಟಲಿ ಹೋದರೆ 3,900 ರೂಪಾಯಿಯನ್ನು 1,250 ಕಿಲೋಗೆ ಹಂಚಬೇಕು. ಕಿಲೋಗೆ 3.12 ಮಾತ್ರ ಬೀಳುತ್ತದೆ. ಬಾಟಲಿಯಲ್ಲಿ 24.88 ಉಳಿಯುತ್ತದೆ. ಆಗ ಧಾರಾಳವಾಗಿ 18 ರೂಪಾಯಿಗೆ ಕೊಳ್ಳಬಹುದಲ್ಲವೇ?

ಹಳೇ ತಕ್ಕಡಿ

ಕೆಳಗೆ ಕಬ್ಬಿಣ, ಮೇಲೆ ಬಾಟಲಿ ಎಂಬ ನಿಮ್ಮ ಮಾತು ನೂರಕ್ಕೆ ನೂರು ಸರಿ. ತುಮಕೂರಿನವರು ಎಲ್ಲ ಮಾಲನ್ನೂ ಒಂದೇ ಕಡೆ ಇಳಿಸಿಕೊಳ್ಳುವುದರಿಂದ ಅಲ್ಲಿಗೆ ಹೀಗೆ ಕಳುಹಿಸುವುದೇ ಉತ್ತಮ. ಬೆಂಗಳೂರಿನಲ್ಲಿ ಇದು ಅಷ್ಟು ಸಲೀಸಲ್ಲ. ಪ್ಲಾಸ್ಟಿಕ್ ನಾಯಂಡಹಳ್ಳಿಯಲ್ಲಿ ಇಳಿಸಬೇಕು, ಕಬ್ಬಿಣ ಮತ್ತೊಂದು ಕಡೆ. ನಡುವೆ ಸರಕು ವಾಹನಗಳಿಗೆ ನಿರ್ಬಂಧವಿರುವ ಹೊತ್ತು ಬಂದರೆ ಚಾಲಕ ರಸ್ತೆ ಬದಿಯಲ್ಲಿ ನಿಲ್ಲಬೇಕು, ಕಾಯುವ ಬಾಡಿಗೆ ಬೇರೆ ಕೇಳುತ್ತಾರೆ.

ಆದರೆ 18 ರೂಪಾಯಿಗೆ ಕೊಳ್ಳಬಹುದು ಎಂಬುದನ್ನು ನಾನು ಒಪ್ಪಲಾರೆ. 3.12 ಎಂಬ ಅಂಕಿ ಕಬ್ಬಿಣ ಜೊತೆಯಲ್ಲಿ ಇರುವವರೆಗೆ ಮಾತ್ರ ನಿಜ. ನೀವು ಬಾಟಲಿಗೆ 18 ಕೊಡುತ್ತೀರೆಂದು ತಿಳಿದರೆ ಸುತ್ತಲಿನ ಹಳ್ಳಿಗಳ ಬಾಟಲಿಯೆಲ್ಲ ನಿಮ್ಮ ಅಂಗಡಿಗೆ ಬರುತ್ತದೆ, ಕಬ್ಬಿಣ ಮಾತ್ರ ಮೊದಲಿನಷ್ಟೇ ಬರುತ್ತದೆ. ಕೆಲವೇ ದಿನಗಳಲ್ಲಿ ಅಂಗಳ ಬಾಟಲಿ ಚೀಲಗಳಿಂದ ತುಂಬುತ್ತದೆ. ಜಾಗ ಬಿಡಿಸಿಕೊಳ್ಳಲು ಬಾಟಲಿಯೊಂದನ್ನೇ ಕಳುಹಿಸಬೇಕಾದ ದಿನ ಉಳಿಯುವುದು 16.18, ಕೊಂಡಿರುವುದು 18ಕ್ಕೆ. ಆದ್ದರಿಂದ ನಾನು ಕೊಳ್ಳುವ ದರವನ್ನು ಬಾಟಲಿ ಒಂದೇ ಹೋದರೂ ಕೈ ಕಚ್ಚದ ಹಾಗೆ ಗೊತ್ತುಮಾಡುತ್ತೇನೆ. ಕಬ್ಬಿಣದ ಜೊತೆ ಹೋದಾಗ ಉಳಿಯುವ ಹೆಚ್ಚಿನ ಹಣವನ್ನು ದರಕ್ಕೆ ಸೇರಿಸುವುದಿಲ್ಲ.

ನಗದು ವಹಿ

ಅಷ್ಟು ಬಿಗಿಯಾಗಿ ಹಿಡಿದರೆ ಬಾಟಲಿ ತರುವವರು ನಿಮ್ಮಲ್ಲಿಗೆ ಬರುವುದೇ ಇಲ್ಲ. ಅವರು ಬಾಟಲಿಯ ಜೊತೆಗೇ ತಾಮ್ರ, ಅಲ್ಯೂಮಿನಿಯಂ ಕೂಡ ತರುತ್ತಾರೆ. ಬಾಟಲಿಯಲ್ಲಿ ಒಂದು ರೂಪಾಯಿ ಬಿಟ್ಟುಕೊಟ್ಟು ತಾಮ್ರದಲ್ಲಿ ದುಡಿಯುವುದು ವ್ಯಾಪಾರದ ರೀತಿ ಎಂದೇ ನಾನು ಈಗಲೂ ಹೇಳುತ್ತೇನೆ.

ಹಳೇ ತಕ್ಕಡಿ

ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗೆ ಸಾಗಣೆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನಿಜ. ನೂರಾರು ರೂಪಾಯಿಯ ಕಿಲೋಗೆ ನಾಲ್ಕು ರೂಪಾಯಿ ದೊಡ್ಡದಲ್ಲ. ಆದರೆ ಅದೇ ಕಾರಣಕ್ಕೆ ಆ ಮಾಲಿನಲ್ಲಿ ಪೈಪೋಟಿಯೂ ಹೆಚ್ಚು, ಎಲ್ಲ ಅಂಗಡಿಗಳೂ ಬೆಂಗಳೂರಿನ ದರಕ್ಕೆ ಹತ್ತಿರವೇ ಕೊಡುತ್ತವೆ. ಅಲ್ಲಿ ದುಡಿದು ಬಾಟಲಿಯ ನಷ್ಟ ತುಂಬಿಸುವಷ್ಟು ಲಾಭದ ಅಂತರ ನನಗಂತೂ ಸಿಕ್ಕಿಲ್ಲ. ನಿಮ್ಮ ಊರಿನಲ್ಲಿ ಸಿಗುತ್ತಿದ್ದರೆ ನಿಮ್ಮ ರೀತಿ ನಡೆಯಬಹುದು.

ಕಲ್ಪತರು ನಾಡಿನವ

ಇಬ್ಬರಿಗೂ ಧನ್ಯವಾದಗಳು. ಆದರೂ ರಟ್ಟಿನ ವಿಷಯ ನನಗೆ ಬಗೆಹರಿದಿಲ್ಲ. ತುಮಕೂರಿಗೆ ಕಳುಹಿಸಿದರೆ ಸಾಗಣೆ ಕಳೆದು 7.45 ಮಾತ್ರ ಉಳಿಯುವುದಾದರೆ ಪಕ್ಕದ ಅಂಗಡಿಯವರು 8 ರೂಪಾಯಿಗೆ ಹೇಗೆ ಕೊಳ್ಳುತ್ತಾರೆ? ಅವರೇನೂ ನಷ್ಟದಲ್ಲಿರುವಂತೆ ಕಾಣುವುದಿಲ್ಲ.

ಲಾರಿ ಸಾಲು

ನಾನು ಗುಜರಿಯವನಲ್ಲ, ಅರಸೀಕೆರೆ ಮತ್ತು ಬೆಂಗಳೂರಿನ ನಡುವೆ ವಾಹನ ಓಡಿಸುವವನು. ನೀವೆಲ್ಲ ಹೋಗಿ ಬರುವ ಪೂರ್ತಿ ಬಾಡಿಗೆ ಲೆಕ್ಕ ಹಾಕುತ್ತಿದ್ದೀರಿ. ಬೆಂಗಳೂರಿನಿಂದ ದಿನಸಿ, ಬಿಸ್ಕತ್ತು, ಸೋಪಿನ ಲೋಡು ತಂದು ತಿಪಟೂರಿನಲ್ಲಿ ಇಳಿಸುವ ವಾಹನಗಳು ಹಲವು ಬಾರಿ ಖಾಲಿ ಹಿಂದಿರುಗುತ್ತವೆ. ನಮಗೆ ಡೀಸೆಲ್ ಖರ್ಚು ಹುಟ್ಟಿ ಸ್ವಲ್ಪ ಉಳಿದರೆ ಸಾಕು. ನಿಮ್ಮ ರಟ್ಟು ನಾವು 3,000ಕ್ಕೆ ಒಯ್ಯುತ್ತೇವೆ. ಆ ಅಂಗಡಿಯವರು ಇದನ್ನೇ ಮಾಡುತ್ತಿರಬಹುದು. ಆದರೆ ಮಾಲು ಕಟ್ಟಿ ಸಿದ್ಧವಾಗಿರಬೇಕು. ಕರೆದ ಮೇಲೆ ಚೀಲ ಹುಡುಕುವ, ರಟ್ಟು ಬಿಚ್ಚುವ ಕೆಲಸ ಶುರುಮಾಡಿದರೆ ನಾವು ಕಾಯುವುದಿಲ್ಲ. ಕೊಬ್ಬರಿ ಲೋಡು ಸಿಕ್ಕಿದ ದಿನ ನಾವು ಗುಜರಿಗೆ ಬರುವುದೂ ಇಲ್ಲ.

ಹಳೇ ತಕ್ಕಡಿ

ಲಾರಿ ಅಣ್ಣನವರು ಹೇಳಿದ್ದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಮಾತು. ವಾಪಸ್ ಬಾಡಿಗೆ 3,000, ಹಮಾಲಿ ಮತ್ತು ತೂಕಕ್ಕೆ 1,100 ಸೇರಿ 4,100 ರೂಪಾಯಿ. 1,100 ಕಿಲೋ ರಟ್ಟಿಗೆ ಹಂಚಿದರೆ 3.73. ಬೆಂಗಳೂರಿನ 13ರಲ್ಲಿ 9.27 ಉಳಿಯುತ್ತದೆ. ಬಾಟಲಿಯಲ್ಲೂ 22.58 ಉಳಿಯುತ್ತದೆ. ಅಂದರೆ ಪೂರ್ತಿ ಬಾಡಿಗೆಗೆ ತುಮಕೂರು ಒಳ್ಳೆಯದು, ವಾಪಸ್ ಗಾಡಿ ಸಿಕ್ಕರೆ ಬೆಂಗಳೂರು ಒಳ್ಳೆಯದು.

ಆದರೂ 9.27 ಉಳಿಯುತ್ತದೆಂದು 8 ಕೊಡಲು ಹೋಗಬೇಡಿ, ಏಕೆಂದರೆ ತೇವದ ಕಡಿತ ಇನ್ನೂ ಬಾಕಿಯಿದೆ. ರಟ್ಟು ಕೊಳ್ಳುವ ದೊಡ್ಡವರು ಕಂತೆಯ ಒಳಗೆ ತೇವ ಅಳೆಯುವ ಕಡ್ಡಿ ಚುಚ್ಚಿ ನೋಡುತ್ತಾರೆ. ಅವರು ಒಪ್ಪುವ ಮಿತಿ ನೂರಕ್ಕೆ ಹತ್ತು ಎಂದಿಟ್ಟುಕೊಳ್ಳಿ, ಮಳೆಗಾಲದಲ್ಲಿ ನಿಮ್ಮ ರಟ್ಟಿನಲ್ಲಿ ಹದಿನೆಂಟು ಬಂದರೆ ನೂರಕ್ಕೆ ಎಂಟರಂತೆ ತೂಕ ಕಡಿಯುತ್ತಾರೆ. 1,100 ಕಿಲೋದಲ್ಲಿ 88 ಕಿಲೋ ಹೋಯಿತು, ಹಣದಲ್ಲಿ 1,144 ರೂಪಾಯಿ. ನೀವು ಆ ನೀರಿಗೂ ರಟ್ಟಿನ ದರ ಕೊಟ್ಟು ಕೊಂಡಿರುತ್ತೀರಿ, ಅದನ್ನು ಬಾಡಿಗೆ ಕೊಟ್ಟು ಬೆಂಗಳೂರಿಗೂ ಸಾಗಿಸಿರುತ್ತೀರಿ.

ಕೊಳ್ಳುವಾಗ ಇದನ್ನು ಕೈಯಲ್ಲೇ ಗುರುತಿಸಬಹುದು. ಒಣ ರಟ್ಟನ್ನು ಮಡಿಚಿದರೆ ಪಟಪಟ ಸದ್ದು ಬಂದು ಮಡಿಕೆಯಲ್ಲಿ ಗೆರೆ ಒಡೆಯುತ್ತದೆ. ತೇವದ ರಟ್ಟು ಸದ್ದಿಲ್ಲದೆ ಬಾಗುತ್ತದೆ, ಒಳಗಿನ ಅಲೆಯ ಪದರ ಬೆರಳಿನಿಂದ ಒತ್ತಿದರೆ ಚಪ್ಪಟೆಯಾಗಿ ಹಾಗೆಯೇ ನಿಲ್ಲುತ್ತದೆ. ಕಂತೆಯ ಹೊರಗಿನ ಹಾಳೆ ನೋಡಿ ನಂಬಬಾರದು, ನಡುವೆ ಕೈ ತೂರಿಸಿ ತಣ್ಣಗಿದೆಯೇ ಎಂದು ನೋಡಬೇಕು. ತಣ್ಣಗಿದ್ದರೆ ತೂಕಕ್ಕೆ ಹಾಕುವ ಮೊದಲೇ ತಂದವರಿಗೆ ತೋರಿಸಿ ಎರಡು ಕಿಲೋ ಕಡಿಮೆ ಹಿಡಿಯುತ್ತೇನೆ ಎಂದು ಹೇಳಿಬಿಡಿ. ತೂಕವಾದ ಮೇಲೆ ಕಡಿದರೆ ಜಗಳವಾಗುತ್ತದೆ, ಮೊದಲೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ವಾಪಸ್ ಗಾಡಿಯ 9.27ರಲ್ಲಿ ತೇವ ಮತ್ತು ಕಸಕ್ಕೆ ನೂರಕ್ಕೆ ಐದರಂತೆ 65 ಪೈಸೆ, ಬಿಚ್ಚಿ ಕಟ್ಟುವ ಕೂಲಿ ಮತ್ತು ಅಂಗಡಿ ಬಾಡಿಗೆಗೆ 1 ರೂಪಾಯಿ ಕಳೆಯಿರಿ. 7.62 ಉಳಿಯಿತು. ಇದರಲ್ಲಿ ನಿಮ್ಮ ದುಡಿಮೆಯೂ ಇರಬೇಕಾದ್ದರಿಂದ ಬೇಸಿಗೆಯಲ್ಲಿ ಹೆಚ್ಚೆಂದರೆ ಆರೂವರೆ ಕೊಡಬಹುದು. ಪೂರ್ತಿ ಬಾಡಿಗೆಗೆ ತುಮಕೂರಿಗೆ ಕಳುಹಿಸುವುದಾದರೆ 5ಕ್ಕಿಂತ ಮೇಲೆ ಹೋಗುವಂತಿಲ್ಲ. 8 ಕೊಡುವವರ ಬಳಿ ಸ್ವಂತ ಲಾರಿಯೋ, ಕಾರ್ಖಾನೆಗೆ ನೇರವಾಗಿ ಹೋಗುವ ದೊಡ್ಡ ಲೋಡೋ ಇರಬೇಕು. ಎರಡೂ ಇಲ್ಲದಿದ್ದರೆ ತೂಕವನ್ನು ನೋಡಬೇಕಾಗುತ್ತದೆ.

ಕಲ್ಪತರು ನಾಡಿನವ

ಅಲ್ಲಿ ಸ್ವಂತ ಲಾರಿಯಿಲ್ಲ. ನಮ್ಮಲ್ಲಿಗೆ ಬರುವ ಒಬ್ಬ ಹಿರಿಯರು ನಮ್ಮಲ್ಲಿ 20 ಕಿಲೋ ತೂಗಿದ ರಟ್ಟು ಅಲ್ಲಿ 16 ತೂಗಿತು ಎಂದು ಹಿಂದೆಯೇ ಹೇಳಿದ್ದರು. ಒಬ್ಬರ ಮಾತಿನಿಂದ ಯಾರನ್ನೂ ದೂರುವುದು ನನಗೆ ಇಷ್ಟವಿಲ್ಲ.

ಹಳೇ ತಕ್ಕಡಿ

ದೂರುವುದು ಬೇಡ. ಅವರು ಹೇಳಿದ ತೂಕ ನಿಜವಾಗಿದ್ದರೆ ಲೆಕ್ಕ ಮಾತ್ರ ಹೀಗಿದೆ: 16 ಕಿಲೋಗೆ 8ರಂತೆ 128 ರೂಪಾಯಿ ಆಯಿತು, ಅದೇ ಮಾಲಿಗೆ ಆರೂವರೆಯಂತೆ 20 ಕಿಲೋಗೆ ನೀವು 130 ಕೊಡುತ್ತೀರಿ. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷ ವರ್ಷ ಹಾಕಿಸಿ, ಪ್ರಮಾಣಪತ್ರವನ್ನು ತಕ್ಕಡಿಯ ಪಕ್ಕದಲ್ಲೇ ಅಂಟಿಸಿ, ತಿಳಿದ ತೂಕದ ಒಂದು ಕಲ್ಲನ್ನು ಇಟ್ಟು ಯಾರು ಬೇಕಾದರೂ ಪರೀಕ್ಷಿಸಲು ಬಿಡಿ.

ತೆರಿಗೆ ಮೇಜು

ಒಂದು ವಿಷಯ ಯಾರೂ ಹೇಳಿಲ್ಲ. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದವರಿಂದ ನೋಂದಾಯಿತ ವ್ಯಾಪಾರಿ ಲೋಹದ ಗುಜರಿ ಕೊಂಡರೆ, ತೆರಿಗೆಯನ್ನು ಕೊಂಡವರೇ ಸರ್ಕಾರಕ್ಕೆ ಕಟ್ಟಬೇಕು. ಕಬ್ಬಿಣದ ಗುಜರಿಗೆ ಇದು ನೂರಕ್ಕೆ 18. ಕೆಲವರು ಇದನ್ನೇ ನೆಪವಾಗಿಟ್ಟು ಸಣ್ಣ ಅಂಗಡಿಯವರ ದರದಲ್ಲಿ ಪೂರ್ತಿ ಹದಿನೆಂಟು ಭಾಗ ಕಡಿಯಲು ನೋಡುತ್ತಾರೆ. ಕಟ್ಟಿದ ತೆರಿಗೆಯನ್ನು ಅವರು ತಮ್ಮ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು ಅವಕಾಶವಿದೆ. ಆದ್ದರಿಂದ ಅವರಿಗೆ ಆಗುವುದು ಕೆಲವು ದಿನ ಹಣ ಸಿಕ್ಕಿಹಾಕಿಕೊಳ್ಳುವ ತೊಂದರೆ, ಹದಿನೆಂಟು ಭಾಗದ ನಷ್ಟವಲ್ಲ. 31 ಎಂಬ ದರ ಎಲ್ಲ ಕಡಿತ ಕಳೆದ ಮೇಲಿನದೇ ಎಂದು ಮಾಲು ತುಂಬುವ ಮೊದಲು ಕೇಳಿಕೊಳ್ಳಿ.

ಕಲ್ಪತರು ನಾಡಿನವ

ಕಬ್ಬಿಣಕ್ಕೆ ಇದನ್ನು ಖಂಡಿತ ಕೇಳುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ. ಬಾಟಲಿಯ ತೊಂದರೆ ಜಾಗದ್ದೇ ಆದರೆ ಒತ್ತಿ ಕಟ್ಟುವ ಬೇಲಿಂಗ್ ಯಂತ್ರ ಹಾಕಿದರೆ ಹೇಗೆ? ಸಣ್ಣ ಯಂತ್ರಕ್ಕೆ ನಮಗೆ ಮೂರು ಲಕ್ಷ ಹೇಳಿದ್ದಾರೆ. ನಮ್ಮಲ್ಲಿ ತಿಂಗಳಿಗೆ ಸುಮಾರು 600 ಕಿಲೋ ಬಾಟಲಿ ಸೇರುತ್ತದೆ.

ಹಳೇ ತಕ್ಕಡಿ

ಬೇಲ್ ಮಾಡಿದರೆ ಅದೇ ಪಿಕಪ್‌ನಲ್ಲಿ 1,200 ಕಿಲೋ ಹೋಗಬಹುದು. ಪೂರ್ತಿ ಬಾಡಿಗೆ ಕೊಟ್ಟರೂ ಬೆಂಗಳೂರಿಗೆ ಕಿಲೋಗೆ ಐದೂವರೆ ಬಿದ್ದು 29.50 ಉಳಿಯುತ್ತದೆ. ಈಗಿನ ತುಮಕೂರಿನ 16.18ಕ್ಕೆ ಹೋಲಿಸಿದರೆ ತಿಂಗಳ 600 ಕಿಲೋಗೆ ಸುಮಾರು 8,000 ರೂಪಾಯಿ ಹೆಚ್ಚು. ಆದರೆ ನೀವು ವಾಪಸ್ ಗಾಡಿ ಹಿಡಿದರೆ ಯಂತ್ರವಿಲ್ಲದೆಯೇ 22.58 ಸಿಗುತ್ತದೆ, ಆಗ ವಾಪಸ್ ಗಾಡಿಯಲ್ಲೇ ಬೇಲ್ ಕಳುಹಿಸಿದರೂ ವ್ಯತ್ಯಾಸ ಕಿಲೋಗೆ ಒಂಬತ್ತು ರೂಪಾಯಿಗೆ ಇಳಿಯುತ್ತದೆ. ಅದರಲ್ಲಿ ಕರೆಂಟು, ತಂತಿ, ಕೂಲಿ, ಸಾಲದ ಕಂತು ಹೋಗಬೇಕು. ಅಲ್ಲದೆ 1,200 ಕಿಲೋ ಸೇರಲು ಎರಡು ತಿಂಗಳು ಬೇಕು, ಅಷ್ಟು ದಿನ ನಿಮ್ಮ ಬಂಡವಾಳ ಅಂಗಳದಲ್ಲಿ ಕೂತಿರುತ್ತದೆ. 600 ಕಿಲೋಗೆ ಯಂತ್ರ ಬೇಡ ಎಂಬುದು ನನ್ನ ಅನಿಸಿಕೆ.

ನಗದು ವಹಿ

ಯಂತ್ರ ಬಾಟಲಿಗೆ ಮಾತ್ರವಲ್ಲ, ರಟ್ಟಿಗೂ ಆಗುತ್ತದೆ. ಎರಡನ್ನೂ ಸೇರಿಸಿ ಲೆಕ್ಕ ಹಾಕದೆ ಬೇಡ ಎನ್ನುವುದು ಅವಸರವಾಯಿತು.

ಲಾರಿ ಸಾಲು

ಬೇಲ್ ಮಾಡಿದ ಮಾಲಾದರೆ ತುಂಬಲು ಅರ್ಧ ಗಂಟೆ ಸಾಕು, ನಾವೂ ಸಂತೋಷದಿಂದ ನಿಲ್ಲುತ್ತೇವೆ. ಆದರೆ ಬಾಟಲಿಯ ಬೇಲ್‌ನ ತಂತಿ ಕತ್ತರಿಸಿ ಒಳಗೆ ಎಣ್ಣೆ ಬಾಟಲಿ, ಕಲ್ಲು, ನೀರು ಇದೆಯೇ ಎಂದು ನೋಡುವವರನ್ನು ಇಳಿಸುವ ಜಾಗದಲ್ಲಿ ಕಂಡಿದ್ದೇನೆ. ಹೊಸಬರ ಬೇಲ್ ಅವರು ನಂಬುವುದಿಲ್ಲ, ಅದನ್ನೂ ಕೇಳಿಕೊಂಡು ಮುಂದುವರಿಯಿರಿ.

ಕಲ್ಪತರು ನಾಡಿನವ

ವಹಿಯವರು ಹೇಳಿದಂತೆ ರಟ್ಟನ್ನೂ ಸೇರಿಸಿ ಲೆಕ್ಕ ಹಾಕುತ್ತೇನೆ. ಪುರಸಭೆ, ನಗರಸಭೆಗಳ ಒಣ ಕಸ ವಿಂಗಡಣಾ ಘಟಕಗಳಲ್ಲಿರುವ ಬೇಲಿಂಗ್ ಯಂತ್ರವನ್ನು ಕಿಲೋಗೆ ಇಂತಿಷ್ಟು ಎಂದು ಕೊಟ್ಟು ಬಳಸಿದವರು ಇಲ್ಲಿ ಯಾರಾದರೂ ಇದ್ದರೆ, ಎಷ್ಟು ಕೊಟ್ಟಿರಿ ಮತ್ತು ಅಲ್ಲಿಗೆ ಬಾಟಲಿ ಒಯ್ಯುವ ಖರ್ಚು ಎಷ್ಟಾಯಿತು ಎಂದು ತಿಳಿಸಬೇಕು. ಸದ್ಯಕ್ಕೆ ರಟ್ಟಿಗೆ ಆರೂವರೆ ಎಂದು ಫಲಕ ಬರೆಸುತ್ತೇನೆ, ಮಳೆ ಹಿಡಿದರೆ 6. ಲಾರಿ ಅಣ್ಣನವರೇ, ನೀವು ಬರುವ ಹಿಂದಿನ ದಿನ ತಿಳಿಸಿದರೆ ಮಾಲು ಕಟ್ಟಿ ಬಾಗಿಲಲ್ಲೇ ಇಟ್ಟಿರುತ್ತೇವೆ.